ಕೆಂಧೂಳಿನ ಊರಿನ ಶ್ವೇತಪಾದರು

ಸಂಡೂರು ತಾಲೂಕಿನ ಕುರೆಕುಪ್ಪದಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ, ಅದಿರಿನ ಲಾರಿಗಳೆಬ್ಬಿಸುವ ಕೆಂಧೂಳು ಬೇವಿನೆಲೆಯೆಂದಾಗಲಿ ಚಹದಂಗಡಿಯ ಬೆಂಚೆಂದಾಗಲಿ ಭೇದವೆಣಿಸದೆ ಎಲ್ಲದರ ಮೇಲೂ ಸಮಚಿತ್ತದಿಂದ ಬಂದು ಕೂರುವ ಆ ಊರಿನಲ್ಲಿ, ಅಚ್ಚ ಬಿಳಿಯ ಚರ್ಮದ ಸ್ನೀಕರುಗಳನ್ನು ಮೆಟ್ಟಿ ದಿನವೂ ಕಚೇರಿಗೆ ಹೊರಡುವ ಒಬ್ಬ ಮಹನೀಯರಿದ್ದಾರೆ. ಗುತ್ತಿಗೆದಾರರೊಬ್ಬರ ಲೆಕ್ಕಪತ್ರ ವಿಭಾಗದಲ್ಲಿ ಅವರ ಉದ್ಯೋಗ. ತಾಯಿತಂದೆಯರು ಇಟ್ಟ ಹೆಸರು ಬೇರೆಯಾದರೂ ಊರವರ ಬಾಯಲ್ಲಿ ಅವರು ಶ್ವೇತಪಾದರು.

ಮುಂಜಾನೆ ಅವರು ಬಸ್ಸಿಗೆ ಕಾಯುವಾಗ ಚಹದಂಗಡಿಯ ಹಿರಿಯರು, “ಏನ್ರೀ ಸಾರ್, ಆಫೀಸಿಗೆ ಹೊಂಟೀರೋ, ಗ್ರೌಂಡಿಗೋ?” ಎಂದು ಕೇಳದೆ ಬಿಡರು. ಶ್ವೇತಪಾದರು ಕೋಪಗೊಳ್ಳುವವರಲ್ಲ. ಈ ಪಾದರಕ್ಷೆಯ ಮೂಲ ಟೆನಿಸ್ ಅಂಗಣವೇ ಎಂಬುದನ್ನು ಅವರು ಮೊದಲು ಒಪ್ಪಿಕೊಳ್ಳುತ್ತಾರೆ. ಬಟ್ಟೆಯ ಬೂಟುಗಳ ಕಾಲದಲ್ಲಿ ಅಡಿಡಾಸ್ ಕಂಪನಿಯು ಫ್ರೆಂಚ್ ಆಟಗಾರ ರಾಬರ್ಟ್ ಹೈಲೆಯ ಹೆಸರಿನಲ್ಲಿ ಚರ್ಮದ ಟೆನಿಸ್ ಬೂಟನ್ನು ಹೊರತಂದುದನ್ನೂ, ಅದೇ ಬೂಟು ಮುಂದೆ 1972ರ ವಿಂಬಲ್ಡನ್ ವಿಜೇತ ಸ್ಟ್ಯಾನ್ ಸ್ಮಿತ್‌ನ ಹೆಸರನ್ನು ಹೊತ್ತುದನ್ನೂ ಬಸ್ಸು ಬರುವತನಕ ಸವಿಸ್ತಾರವಾಗಿ ನಿರೂಪಿಸುತ್ತಾರೆ. ಹಿರಿಯರು ಚಹ ಮುಗಿಸಿ, “ಅಂದ್ರ ಗ್ರೌಂಡಿಗೇ ಬಿಡ್ರಿ” ಎನ್ನುತ್ತಾರೆ.

ಆದರೂ ಶ್ವೇತಪಾದರ ಶಾಸ್ತ್ರದಲ್ಲಿ ಹುರುಳಿಲ್ಲವೆನ್ನಲಾಗದು. ಕಚೇರಿಗೆ ಸಲ್ಲುವ ಸ್ನೀಕರು ಒಂದೇ ಬಣ್ಣದ್ದಾಗಿ, ನಯವಾದ ಚರ್ಮದ್ದಾಗಿ, ತೆಳುವಾದ ಸಮತಟ್ಟು ಅಟ್ಟೆಯುಳ್ಳದ್ದಾಗಿ, ಮೈಮೇಲೆ ದೊಡ್ಡ ಲಾಂಛನವಾಗಲಿ ಬಣ್ಣದ ಪಟ್ಟಿಯಾಗಲಿ ಇಲ್ಲದ್ದಾಗಿರಬೇಕು. ಜಾಲರಿಯ ಮೇಲ್ಮೈಯೂ ಉಬ್ಬಿದ ಅಟ್ಟೆಯೂ ಇರುವ ಓಟದ ಬೂಟು ಎಷ್ಟೇ ಬೆಲೆಯದಾದರೂ ಈ ಪಂಕ್ತಿಯಲ್ಲಿ ಕೂರದು. ಪ್ಯಾಂಟಿನ ಅಂಚು ಬೂಟಿನ ನೆತ್ತಿಯನ್ನು ತಾಗಿಯೂ ತಾಗದಂತೆ ನಿಲ್ಲಬೇಕು. ಅಗಲ ಪ್ಯಾಂಟು ಮುದ್ದೆಯಾಗಿ ಮೇಲೆ ಬಿದ್ದರೆ ಬೂಟಿನ ಆಕಾರವೇ ಕಾಣದೆ, ಅವಸರದಲ್ಲಿ ಮಗನ ಶಾಲೆಯ ಬೂಟು ಹಾಕಿಕೊಂಡು ಬಂದಂತೆ ತೋರುತ್ತದೆ. ಹತ್ತಿಯ ಪ್ಯಾಂಟು, ಟೈ ಇಲ್ಲದ ಅಂಗಿ, ಬೇಕಾದರೆ ಮೆತ್ತನೆಯ ಬ್ಲೇಜರು: ಇಷ್ಟರವರೆಗೆ ಸ್ನೀಕರಿಗೆ ಪ್ರವೇಶವುಂಟು. ಕೊರಳಿಗೆ ಟೈ ಏರಿದೊಡನೆ, ಹೊಳಪಿನ ಉಣ್ಣೆಯ ಸೂಟು ಮೈಗೆ ಬಂದೊಡನೆ, ಅದು ತಾನಾಗಿ ಹೊರಗೆ ನಿಲ್ಲಬೇಕು. ಆಗ ಲೇಸಿನ ಕರಿಬೂಟೇ ಸರಿ.

ಈ ಕೊನೆಯ ವಿಧಿಯನ್ನು ಅವರು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆಂದರೆ, ಕಚೇರಿಯ ಕಪಾಟಿನಲ್ಲಿ ಕಡತಗಳ ಹಿಂದೆ ಒಂದು ಜೊತೆ ಕರಿಬೂಟು ಸದಾ ಅಜ್ಞಾತವಾಸದಲ್ಲಿರುತ್ತದೆ. ಒಮ್ಮೆ ಬೆಂಗಳೂರಿನಿಂದ ಸಾಲ ಕೊಡುವ ಬ್ಯಾಂಕಿನವರು ಬರುವ ದಿನ ಮಾಲೀಕರು ಟೈ ಕಟ್ಟಿಕೊಂಡುದನ್ನು ಕಂಡು, ಶ್ವೇತಪಾದರು ಮಾತಿಲ್ಲದೆ ಕಪಾಟಿನ ಹಿಂದೆ ಸರಿದು ಕೃಷ್ಣಪಾದರಾಗಿ ಹೊರಬಂದರು. ಮಧ್ಯಾಹ್ನ ಅದಿರಿನ ಅಂಗಳ ನೋಡಹೋದಾಗಲಂತೂ ಕರಿದು ಬಿಳಿದೆಂಬ ಚರ್ಚೆಗೇ ಅವಕಾಶವಿರಲಿಲ್ಲ. ಗೇಟಿನಲ್ಲಿ ಎಲ್ಲರಿಗೂ ಮೂತಿಯೊಳಗೆ ಉಕ್ಕಿನ ಟೊಪ್ಪಿಗೆಯಿರುವ ಸೇಫ್ಟಿ ಶೂ ಹಾಕಿಸಿದರು.

ಅವರ ನಿಜವಾದ ತಪಸ್ಸು ಸಂಜೆಯದು. ಕುರೆಕುಪ್ಪದ ಧೂಳು ಸಾಮಾನ್ಯ ಮಣ್ಣಲ್ಲ, ಕಬ್ಬಿಣದ ಆಕ್ಸೈಡು. ನೀರಿನಲ್ಲಿ ಕರಗದ ಬಣ್ಣವದು. ಹೊಸಬನು ಮಾಡುವಂತೆ ಮೊದಲೇ ಒದ್ದೆಬಟ್ಟೆಯಿಂದ ಒರೆಸಿದರೆ ಧೂಳು ಕೆಮ್ಮಣ್ಣಿನ ರಾಡಿಯಾಗಿ ಹೊಲಿಗೆಯ ತೂತುಗಳಿಗಿಳಿದು, ಬೂಟಿನ ಸುತ್ತ ಕೆಂಪು ಚುಕ್ಕೆಗಳ ಸಾಲು ಮೂಡಿಬಿಡುತ್ತದೆ. ಒಮ್ಮೆ ಮೂಡಿದರೆ ಪೂರ್ತಿ ಹೋಗುವುದು ದುರ್ಲಭ. ಆದುದರಿಂದ ಶ್ವೇತಪಾದರು ಲೇಸು ಬಿಚ್ಚಿ, ಒಣ ಬ್ರಷ್ಷಿನಿಂದ ಹೊಲಿಗೆಯ ಉದ್ದಕ್ಕೂ ಜಾಡಿಸಿ, ಆಮೇಲಷ್ಟೇ ಸೌಮ್ಯವಾದ ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿಡುತ್ತಾರೆ. ಬಿಸಿಲಿನಲ್ಲಿಟ್ಟರೆ ಚರ್ಮ ಬಿರಿಯುವ, ಅಟ್ಟೆ ಹಳದಿಯಾಗುವ ಭಯ. ಅಷ್ಟರಲ್ಲಿ ಅಡುಗೆಮನೆಯಿಂದ, “ದೇವರ ಸಾಮಾನೂ ಹಿಂಗ ತಿಕ್ಕಿಲ್ಲ ನೀವು” ಎಂಬ ಮಾತು ಕೇಳಿಬರುತ್ತದೆ.

ಇಷ್ಟೆಲ್ಲ ಬಲ್ಲವರು ಕಂದುಬಣ್ಣದ ಸ್ನೀಕರನ್ನೇಕೆ ಕೊಳ್ಳಬಾರದು? ಅದೂ ಇದೇ ಉಡುಪಿಗೆ ಇಷ್ಟೇ ಚೆನ್ನಾಗಿ ಒಪ್ಪುತ್ತದೆ; ಹೊಲಿಗೆಯಲ್ಲಿ ಕೂತ ಕೆಂಪು ಅದರಲ್ಲಿ ಕಾಣುವುದೂ ಇಲ್ಲ. ನಾನು ಹಾಗೆಂದಾಗ ಅವರು ನನ್ನನ್ನು ಧರ್ಮಭ್ರಷ್ಟನನ್ನು ನೋಡುವಂತೆ ನೋಡಿದರು. ಓದುಗರೇ, ಬಳ್ಳಾರಿ ಸೀಮೆಯಲ್ಲಿ ಕಚೇರಿಗೆ ಸ್ನೀಕರು ಕೊಳ್ಳುವುದಾದರೆ ಕಂದನ್ನೇ ಕೊಳ್ಳಿ. ಉಳಿದ ವಿಧಿಗಳನ್ನು ಶ್ವೇತಪಾದರಿಂದಲೇ ಕಲಿಯಿರಿ, ಬಣ್ಣವೊಂದನ್ನು ಮಾತ್ರ ಅವರನ್ನು ಕೇಳಬೇಡಿ.