ಕಂಪಾಸ್ ಬಾಕ್ಸು ಗದ್ವಾಲಕ್ಕೆ ಹೋದದ್ದು

ಹೊರನಾಡ ಕನ್ನಡಿಗರು ಎಂದರೆ ವಿಮಾನ ಹತ್ತಿ ಹೋದವರು ಎಂದು ಬೆಂಗಳೂರಿನವರು ತಿಳಿದಿದ್ದಾರೆ. ನಾರಾಯಣಪೇಟೆ, ಮಕ್ತಲ್ ಸೀಮೆಯ ನಾವು ಹೊಸ್ತಿಲು ಸಹ ದಾಟದೆ ಹೊರನಾಡಿಗರಾದವರು. ನಿಜಾಮರ ಹೈದರಾಬಾದು, 1956ರಲ್ಲಿ ಆಂಧ್ರ ಪ್ರದೇಶ, 2014ರಲ್ಲಿ ತೆಲಂಗಾಣ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ. ಮನೆ ಅದೇ, ಕಟ್ಟೆ ಅದೇ, ವಿಳಾಸದ ಕೊನೆಯ ಸಾಲು ಮಾತ್ರ ಬೇರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರದಲ್ಲಿ ಉರ್ದು. ಜಗಳಕ್ಕೆ ಮೂರೂ ಸಾಕಾಗುತ್ತವೆ. ಆದರೆ ಬೀಗರ ಮನೆಗೆ ಒಂದು ಮೆತ್ತನೆಯ ಸಂದೇಶ ಬರೆಯಬೇಕಾದಾಗ ಮೂರೂ ಕೈಕೊಡುತ್ತವೆ.

ಸಂಗತಿ ಸಣ್ಣದು. ಮಕ್ತಲ್‌ನಲ್ಲಿರುವ ನನ್ನ ತಂಗಿಯ ಮೈದುನನಿಗೆ ಗದ್ವಾಲದ ಹುಡುಗಿ ಗೊತ್ತಾಗಿದ್ದಳು. ಮನೆ ನೋಡಲು ಅವರ ಕಡೆಯವರು ಜುರಾಲಾ ಅಣೆಕಟ್ಟು ದಾಟಿ ಬಂದರು. ಹೋಳಿಗೆ ಉಂಡರು, ಎಲೆ ಅಡಿಕೆ ಹಾಕಿಕೊಂಡರು, ಮದುವಣಗಿತ್ತಿಯ ಸೀರೆ ನಾವೇ ಮಗ್ಗದವರಿಗೆ ಹೇಳಿ ನೇಯಿಸುತ್ತೇವೆ ಎಂದರು, ಹೋದರು. ಅವರ ಹಿಂದೆಯೇ ತಂಗಿಯ ಮಗಳು ಪುಟ್ಟಿಯ ನೀಲಿ ಕಂಪಾಸ್ ಬಾಕ್ಸೂ ಹೋಯಿತು. ಬಟನ್ ಒತ್ತಿದರೆ ಒಂದು ಕಡೆ ಶಾರ್ಪನರ್, ಇನ್ನೊಂದು ಕಡೆ ರಬ್ಬರ್ ಟಪ್ಪನೆ ಹೊರಬರುವ ಜಾತಿಯದು. ಮದುಮಗಳ ಅಕ್ಕನ ಮಗ ಚಿನ್ನು, ಆರು ವರ್ಷದವನು, ಇಡೀ ಮಧ್ಯಾಹ್ನ ಅದರ ಬಟನ್ ಒತ್ತುತ್ತಿದ್ದ. ಸಂಜೆ ಅದನ್ನು ಅವನು ತನ್ನ ಬ್ಯಾಗಿನೊಳಗೆ ಇಟ್ಟದ್ದನ್ನು ಪಕ್ಕದ ಮನೆ ಹುಡುಗ ಕಣ್ಣಾರೆ ಕಂಡಿದ್ದ.

ಪುಟ್ಟಿ ಅತ್ತಳು. ತಂಗಿ ನನಗೆ ಫೋನು ಮಾಡಿದಳು. ನಾನು ನಾರಾಯಣಪೇಟೆಯಲ್ಲಿ ಮಾಸ್ತರ. ಇಂಥ ಪ್ರಕರಣಗಳು ನನ್ನ ಕ್ಲಾಸಿನಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತವೆ, ಪೆನ್ಸಿಲಿನಿಂದ ಹಿಡಿದು ಟಿಫಿನ್ ಡಬ್ಬಿಯ ಮುಚ್ಚಳದವರೆಗೆ. ಆದರೆ ಕ್ಲಾಸಿನ ಹುಡುಗರ ಮನೆಗೆ ನಾವು ಹೆಣ್ಣು ತರುವುದಿಲ್ಲ.

ನಾನು ಮಕ್ತಲ್ ಮುಟ್ಟುವಷ್ಟರಲ್ಲಿ ಎರಡು ಕರಡು ತಯಾರಾಗಿದ್ದವು. ಮೊದಲನೆಯದು ತಂಗಿಯ ಮಾವನವರದು. ತಹಶೀಲ್ ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತರಾದವರು, ಬಿಳಿ ಹಾಳೆಯ ಮೇಲೆ ಬರೆದಿದ್ದರು. ‘ವಿಷಯ: ನಮ್ಮ ಮೊಮ್ಮಗಳ ನೀಲಿ ಬಣ್ಣದ ಪೆಟ್ಟಿಗೆಯನ್ನು ತಮ್ಮ ಕಡೆಯ ಬಾಲಕನು ಅನುಮತಿಯಿಲ್ಲದೆ ಒಯ್ದಿರುವ ಕುರಿತು.’ ಕೆಳಗೆ ಸಾಕ್ಷಿಯ ಹೆಸರು, ಪಕ್ಕದ ಮನೆ ಹುಡುಗನದು, ಅವನ ತಂದೆಯ ಹೆಸರಿನ ಸಮೇತ.

"ಮಾಮಾ, ಇದು ಬ್ಯಾಡ್ರಿ" ಅಂದೆ.

"ಯಾಕ ಬ್ಯಾಡ? ಗದ್ವಾಲೇ ಮೊದಲು ರಾಯಚೂರು ಜಿಲ್ಲಾದಾಗಿತ್ತು. ಐವತ್ತಾರರಾಗ ಆಲಂಪುರದ ಜೋಡಿ ತೆಗೆದು ಮೆಹಬೂಬನಗರಕ್ಕ ಹಚ್ಚಿದ್ರು. ಅವಾಗ ನಮ್ಮನ್ನ ಕೇಳಿದ್ರೇನು? ಬರೇದಿಡಲಿಲ್ಲ ಅಂದ್ರ ಯಾವುದೂ ತಿರುಗಿ ಬರಂಗಿಲ್ಲ ನೋಡು!"

ಇತಿಹಾಸ ಸರಿಯಾಗಿತ್ತು. ಆದರೆ ಕಂಪಾಸ್ ಬಾಕ್ಸಿಗೆ ರಾಜ್ಯ ಪುನರ್ವಿಂಗಡಣೆಯ ದಾರಿ ಹಿಡಿದರೆ ಮದುವೆಯ ಮುಹೂರ್ತ ದಾಟಿ ಹೋಗುತ್ತದೆ. ಅಲ್ಲದೆ ಸಾಕ್ಷಿಯ ಹೆಸರು ಬರೆದ ಕೂಡಲೇ ಆ ಕಡೆಯವರಿಗೆ ಬಾಕ್ಸು ಮರೆತುಹೋಗುತ್ತದೆ, ನೋಡಿದವನು ಯಾರು, ಅವನಿಗೆ ನಮ್ಮ ಹುಡುಗನ ಬ್ಯಾಗಿನ ಮೇಲೆ ಕಣ್ಣೇಕೆ ಎಂಬಲ್ಲಿಗೆ ಮಾತು ಹೊರಳುತ್ತದೆ. ಎಷ್ಟೇ ಗಟ್ಟಿ ಸಾಕ್ಷಿ ಇರಲಿ, ಅದು ನಮ್ಮ ಕಿಸೆಯಲ್ಲೇ ಇರಬೇಕು.

ಎರಡನೆಯ ಕರಡು ಭಾವನದು. ಅವನು ಬೀಗರು, ನಂಟರು ಎಲ್ಲ ಇರುವ ಮದುವೆ ಗ್ರೂಪಿಗೇ ಹಾಕಲು ಟೈಪು ಮಾಡಿ ಇಟ್ಟಿದ್ದ: ‘ಚಿನ್ನು ಕಳ್ಳ ಕೃಷ್ಣ ನಮ್ಮ ಪುಟ್ಟಿ ಬಾಕ್ಸ್ ಎತ್ತಿಕೊಂಡ್ ಹೋಗ್ಯಾನ.’ ಮುಂದೆ ಒಂದು ಸಾಲು ನಗುವ ಮುಖಗಳು. "ತಮಾಷಿಲೇ ಹೇಳಿದ್ರ ಯಾರಿಗೂ ಸಿಟ್ಟು ಬರಂಗಿಲ್ಲ" ಅಂದ.

ಕೃಷ್ಣನ ಕತೆಯನ್ನು ನಮ್ಮವರು ತಪ್ಪು ಕಡೆಯಿಂದ ಓದುತ್ತಾರೆ. ಬೆಣ್ಣೆ ಕದ್ದವನನ್ನು ಮುದ್ದಾಡುತ್ತಾರೆ, ದೂರು ತಂದವರ ಗತಿ ನೋಡುವುದಿಲ್ಲ. ಗೋಪಿಯರು ಗುಂಪು ಕಟ್ಟಿಕೊಂಡು ಯಶೋದೆಯ ಬಾಗಿಲಿಗೆ ಹೋದರು, ಅದೂ ಒಂದು ಗ್ರೂಪ್ ಮೆಸೇಜೇ. ನಾಲ್ಕು ಜನರ ಮುಂದೆ ದೂರು ಕೇಳಿದ ತಾಯಿ ಏನು ಮಾಡಬೇಕೋ ಯಶೋದೆ ಅದನ್ನೇ ಮಾಡಿದಳು: ನನ್ನ ಮಗ ಅಂಥವನಲ್ಲ ಅಂದಳು. ಒಬ್ಬಳೇ ಇದ್ದಾಗ ಒಬ್ಬ ಗೋಪಿ ಹೋಗಿ ಕಿವಿಯಲ್ಲಿ ಹೇಳಿದ್ದರೆ ಬೆಣ್ಣೆ ಅಲ್ಲದಿದ್ದರೂ ಗಡಿಗೆಯಾದರೂ ವಾಪಸು ಬರುತ್ತಿತ್ತು. ಇನ್ನು ‘ಕಳ್ಳ’ ಎಂಬ ಮಾತು, ಎಷ್ಟು ನಗುವ ಮುಖ ಅಂಟಿಸಿದರೂ ನಗುವುದು ಬರೆದವನು ಮಾತ್ರ. ಮದುವೆಯಲ್ಲಿ ಆ ಹುಡುಗನ ಗಲ್ಲ ಹಿಂಡಿ "ಬಂದ್ಯಾ ಕಳ್ಳಾ" ಅನ್ನುವ ಕಾಕಾಗಳು ಎರಡೂ ಕಡೆ ಇರುತ್ತಾರೆ.

ಆರು ವರ್ಷದ ಹುಡುಗನಿಗೆ ಆ ಹೆಸರು ಸಲ್ಲುವುದೂ ಇಲ್ಲ. ಎರಡು ಮೂರು ವರ್ಷದ ಕೂಸಿಗೆ ಕೈಗೆ ಸಿಕ್ಕಿದ್ದೆಲ್ಲ ತನ್ನದೇ. ಐದಾರಕ್ಕೆ ಬರುವಷ್ಟರಲ್ಲಿ ಇದು ಅವಳದು, ಇದು ನನ್ನದು ಎಂಬುದು ತಿಳಿದಿರುತ್ತದೆ, ಆದರೆ ಬೇಕು ಅನ್ನಿಸಿದ್ದನ್ನು ತಡೆದುಕೊಳ್ಳುವ ಬ್ರೇಕು ಇನ್ನೂ ಸರಿಯಾಗಿ ಹಿಡಿಯುವುದಿಲ್ಲ. ತಿಳಿದಿರುವುದರಿಂದಲೇ ಬಚ್ಚಿಡುತ್ತಾರೆ. ಅಂಥವನನ್ನು ನಿಲ್ಲಿಸಿಕೊಂಡು "ನೀ ತಗೊಂಡಿಯೇನು?" ಎಂದು ಕೇಳಿದರೆ "ಇಲ್ಲ" ಅನ್ನುತ್ತಾನೆ, ಒಂದಿದ್ದ ತಪ್ಪು ಎರಡಾಗುತ್ತದೆ. ಕ್ಲಾಸಿನಲ್ಲಿ ನಾನು ಕೇಳುವುದೇ ಇಲ್ಲ. "ಆ ರಬ್ಬರು ಅವಳದು, ಬಾ ಇಬ್ಬರೂ ಕೂಡಿ ಕೊಟ್ಟು ಬರೂಣು" ಅನ್ನುತ್ತೇನೆ. ಆದರೆ ಈ ಕಿವಿಮಾತನ್ನು ಗದ್ವಾಲಕ್ಕೆ ಕಳಿಸುವ ಹಾಗಿರಲಿಲ್ಲ. ಕೇಳದವರಿಗೆ ಮಕ್ಕಳ ಪಾಲನೆ ಹೇಳಿಕೊಡುವುದು ಕಂಪಾಸ್ ಬಾಕ್ಸು ಒಯ್ಯುವುದಕ್ಕಿಂತ ದೊಡ್ಡ ಅಪರಾಧ.

ಹಾಗಾದರೆ ಯಾರಿಗೆ ಬರೆಯುವುದು? ಬೀಗತಿಗೆ ಅಂದರು ಮಾವನವರು, ಹಿರಿಯರು ಹಿರಿಯರಿಗೆ ಹೇಳಬೇಕಂತೆ. ಅಜ್ಜಿಗೆ ಹೇಳಿದರೆ ಅಜ್ಜಿ ಮಗಳಿಗೆ ಹೇಳುತ್ತಾಳೆ, ಮಗಳು ಗಂಡನಿಗೆ, ಗಂಡ ಹುಡುಗನ ಬೆನ್ನಿಗೆ. ಚಿನ್ನುವಿನ ಅವ್ವನಿಗೇ ನೇರ ಬರೆಯುವುದು ಎಂದಾಯಿತು. ವಾಯ್ಸ್ ಮೆಸೇಜ್ ಬೇಡ ಎಂದೂ ಆಯಿತು. ಅದನ್ನು ಅವರು ಒತ್ತುವ ಹೊತ್ತಿಗೆ ಸರಿಯಾಗಿ ಪಡಸಾಲೆಯಲ್ಲಿ ಯಾರಾದರೂ ಚಹಾ ಕುಡಿಯುತ್ತ ಕೂತಿರುತ್ತಾರೆ. ರಾತ್ರಿಯೂ ಬೇಡ, ಎಲ್ಲರೂ ಮನೆಯಲ್ಲಿರುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ, ಹುಡುಗ ಸಾಲಿಗೆ ಗಂಡ ಕೆಲಸಕ್ಕೆ ಹೋಗಿ ಆಕೆ ಒಬ್ಬಳೇ ಇರುವಾಗ. ನಾಳೆಯೇ. ವಾರ ಬಿಟ್ಟು ಬರೆದರೆ ಹುಡುಗ ಮರೆತಿರುತ್ತಾನೆ, ನಾವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆವು ಎಂದು ಅವರಿಗೆ ಅನ್ನಿಸುತ್ತದೆ.

ತಂಗಿ ಸುಸ್ತಾದಳು. "ಅಣ್ಣಾ, ಬಿಟ್ಟೇಬಿಡೂಣು. ಬಾಕ್ಸ್ ಅಲ್ಲೇ ಇಟ್ಕೋರಿ ಅಂತ ಹೇಳಿಬಿಡ್ತೀನಿ. ನಾಳೆ ನಂಟಸ್ತನ ಮಾಡೋರು."

ಇದು ನೋಡಲು ದೊಡ್ಡತನ. ಆದರೆ ದಾನ ಮಾಡುತ್ತಿರುವುದು ಪುಟ್ಟಿಯ ಬಾಕ್ಸನ್ನು, ಅವಳನ್ನು ಯಾರೂ ಕೇಳಿಲ್ಲ. ಚಿನ್ನು ಕೇಳದೆ ಒಯ್ದ, ನಾವು ಕೇಳದೆ ಕೊಟ್ಟೆವು ಎಂದಾದರೆ ಪುಟ್ಟಿಯ ಲೆಕ್ಕದಲ್ಲಿ ಇಬ್ಬರೂ ಒಂದೇ. ಪುಟ್ಟಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು, ಈ ಮಾತಿಗೆ ಜೋರಾಗಿ ಗೋಣು ಹಾಕಿದಳು.

ಕೊನೆಗೆ ತಂಗಿಯೇ ಬರೆದಳು. ಮಾತು ಕನ್ನಡ, ಅಕ್ಷರ ಇಂಗ್ಲಿಷ್. ಗದ್ವಾಲದ ಆಕೆ ಓದಿದ್ದು ತೆಲುಗು ಮೀಡಿಯಂ, ನಮ್ಮ ಸೀಮೆಯಲ್ಲಿ ಎಲ್ಲರೂ ಕೂಡುವ ಕಟ್ಟೆ ಇಂಗ್ಲಿಷ್ ಅಕ್ಷರವೇ.

"ಅಕ್ಕಾರ ನಮಸ್ಕಾರ್ರಿ. ಮೊನ್ನೆ ನೀವೆಲ್ಲ ಬಂದಿದ್ದು ಭಾಳ ಖುಷಿ ಆತು. ಪುಟ್ಟಿದು ಒಂದು ನೀಲಿ ಕಂಪಾಸ್ ಬಾಕ್ಸ್ ಮನ್ಯಾಗ ಸಿಗವಲ್ದು. ಹುಡುಗ್ರು ಕೂಡಿ ಆಡೋದ್ರಾಗ ನಿಮ್ಮ ಸಾಮಾನಿನ ಜೋಡಿ ಬಂದಿರಬಹುದು, ಒಂದ್ಸಲ ನೋಡ್ತೀರೇನ್ರಿ? ಸಿಕ್ರ ಇಟ್ಟಿರ್ರಿ, ಸೀರಿ ತರಾಕ ಇವರು ಬಂದಾಗ ತಗೊಂಡ್ ಬರ್ತಾರ. ಇಲ್ಲಂದ್ರ ನಾವೂ ಇಲ್ಲೇ ಮತ್ತ ಹುಡುಕ್ತೀವಿ. ಚಿನ್ನುಗ ಏನೂ ಅನಬ್ಯಾಡ್ರಿ."

ಎಲ್ಲ ಸರಿ ಇತ್ತು. ವಸ್ತು ಯಾವುದು, ಬಣ್ಣ ಯಾವುದು ಎಂಬುದು ಸ್ಪಷ್ಟ. ಯಾರೂ ಒಯ್ದಿಲ್ಲ, ಬಾಕ್ಸು ತಾನಾಗಿಯೇ ಬಂದಿದೆ. ಮಾಡಬೇಕಾದ ಕೆಲಸ ಒಂದೇ, ನೋಡುವುದು. ತಿರುಗಿ ಕೊಡುವುದಕ್ಕೆ ಬೇರೆ ಸಮಾರಂಭ ಬೇಡ, ಸೀರೆಯ ನೆಪ ಇದೆ. ಸಿಗದಿದ್ದರೂ ಅವರ ಮುಖ ಉಳಿಯುತ್ತದೆ. ಹುಳುಕು ಇದ್ದದ್ದು ಕೊನೆಯ ಸಾಲಿನಲ್ಲಿ. ಅಲ್ಲಿಯವರೆಗೆ ಚಿನ್ನುವಿನ ಹೆಸರೇ ಇರಲಿಲ್ಲ. ‘ಏನೂ ಅನಬ್ಯಾಡ್ರಿ’ ಎಂದ ಕೂಡಲೇ ಅನ್ನುವಂಥದ್ದೇನೋ ಅವನು ಮಾಡಿದ್ದಾನೆ ಎಂದು ಗದ್ವಾಲದ ಕೋಟೆಯವರೆಗೆ ಸಾರಿದಂತಾಯಿತು. ಕರುಣೆಯಿಂದ ಬರೆದ ಸಾಲೇ ಇಡೀ ಸಂದೇಶದಲ್ಲಿ ಗಟ್ಟಿ ದೂರು. ತೆಗೆಸಿದೆ.

ಹನ್ನೊಂದಕ್ಕೆ ಕಳಿಸಿದಳು. ಎರಡು ನೀಲಿ ಗೀಟು ಬಿದ್ದವು. ಉತ್ತರವಿಲ್ಲ. ಹನ್ನೆರಡಾಯಿತು, ಮಾವನವರು ಬಿಳಿ ಹಾಳೆ ಮತ್ತೆ ಬಿಚ್ಚಿದರು. ಇನ್ನೊಂದು ಮೆಸೇಜ್ ಹಾಕಲೇ ಎಂದಳು ತಂಗಿ. ಬೇಡ ಎಂದೆ. ಆಕೆ ಹುಡುಕಬೇಕು, ಹುಡುಗ ಸಾಲಿಯಿಂದ ಬರಬೇಕು, ನಡುವೆ ಆಕೆಗೆ ಸ್ವಲ್ಪ ನಾಚಿಕೆಯೂ ಮುಗಿಯಬೇಕು.

ಸಂಜೆ ಉತ್ತರ ಬಂತು. "ಸಿಕ್ಕೈತ್ರಿ, ಅವನ ಬ್ಯಾಗಿನಾಗ ಇತ್ತು. ನಾನೂ ನೋಡಿರಲಿಲ್ಲ." ತಂಗಿ ಹಿಂದೆಯೇ "ಭಾಳ ಛಲೋ ಆತ್ರಿ ಅಕ್ಕಾರ, ಸೀರಿ ಎಲ್ಲಿತನಾ ಬಂತು?" ಎಂದು ಹಾಕಿದಳು. ಸಿಕ್ಕ ಮೇಲೆ ಅದರ ಬಗ್ಗೆ ಎರಡನೇ ಸಾಲು ಬರೆಯಬಾರದು ಎಂದು ನಾನು ಹೇಳಿಕೊಟ್ಟದ್ದಲ್ಲ, ಅದು ಅವಳದೇ ಬುದ್ಧಿ. ಸೀರೆಯ ವಿಷಯ ಹೇಗೂ ದೊಡ್ಡದು. ಗದ್ವಾಲದ ಸೀರೆಗೆ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ, ಎರಡನ್ನೂ ಮಗ್ಗದ ಮೇಲೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಅವಸರ ಮಾಡಿದರೆ ಅಲ್ಲೇ ಬಿಚ್ಚುತ್ತದೆ. ಆ ಮಾತು ಹತ್ತು ಮೆಸೇಜು ನಡೆಯಿತು.

ಹನ್ನೊಂದನೆಯದು ಹೀಗಿತ್ತು: "ತಂಗಿ, ಇನ್ನೊಂದು ಮಾತು. ಚಿನ್ನುದು ಒಂದು ಕೆಂಪು ಕಾರು ಸಿಗವಲ್ದು. ಹುಡುಗ್ರು ಕೂಡಿ ಆಡೋದ್ರಾಗ ನಿಮ್ಮನ್ಯಾಗ ಉಳಿದಿರಬಹುದು, ಒಂದ್ಸಲ ನೋಡ್ತೀರೇನು?"

ಮನೆಯೆಲ್ಲ ಪುಟ್ಟಿಯ ಕಡೆ ತಿರುಗಿತು. ಬಾಕ್ಸು ಹೋದ ಮೇಲೆ ಅವಳನ್ನು ಎಲ್ಲರೂ ಕೇಳಿದ್ದೆವು, ನೀನೇ ಕೊಟ್ಟಿಯೇನು ಅಂತ. "ಕೊಟ್ಟಿಲ್ಲ" ಅಂದಿದ್ದಳು. ನಿಜವನ್ನೇ ಹೇಳಿದ್ದಳು, ಏಕೆಂದರೆ ಅವಳ ಪ್ರಕಾರ ಅದು ಬದಲಿ, ಒಂದು ದಿನದ ಮಟ್ಟಿಗೆ. ಅವನು ಬಾಕ್ಸು ತಿರುಗಿ ಕೊಡದೆ ಹೋದದ್ದಕ್ಕೆ ಅವಳ ಅಳು, ತಾನು ಕಾರು ಕೊಡದೆ ಉಳಿದದ್ದು ಲೆಕ್ಕಕ್ಕೆ ಬಂದಿರಲಿಲ್ಲ. ನೀನು ಏನಾದರೂ ಇಸಗೊಂಡಿಯೇನು ಎಂದು ಕೇಳಬೇಕೆಂದು ನಾಲ್ಕು ಜನ ದೊಡ್ಡವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಕಾರು ಅವಳ ಹಾಸಿಗೆ ಸುರುಳಿಯ ಒಳಗಿತ್ತು. ಚಕ್ರ ಮೂರೇ ಇದ್ದವು.

"ಕಾರು ಸಿಕ್ಕೈತ್ರಿ ಅಂತ ಹಾಕು" ಅಂದ ಭಾವ. "ನಾಲ್ಕನೇ ಚಕ್ರದ ಮಾತು ಅಕ್ಕಿಕಾಳು ಬಿದ್ದ ಮ್ಯಾಲೆ ತೆಗೆದ್ರಾತು."