ವಧುವನ್ನು ಬೆಳ್ಳಗೆ ಮಾಡುವ ವಿಧಾನ: ಬಳಕೆದಾರರ ಕೈಪಿಡಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರುಗಳ ಸ್ಟುಡಿಯೋಗಳಲ್ಲಿ ಕೂತು ಮದುವೆ ಆಲ್ಬಂ ಎಡಿಟ್ ಮಾಡುವವರಿಗಾಗಿ ಈ ಕೈಪಿಡಿ. ಓದುವ ಮೊದಲು ಶಟರ್ ಅರ್ಧ ಎಳೆದುಕೊಳ್ಳಿ. ಮದುವೆ ಸೀಸನ್ನಿನಲ್ಲಿ "ಅಣ್ಣಾ, ಆಲ್ಬಂ ಇನ್ನಾ ಆಗಿಲ್ಲೇನು?" ಎಂದು ಯಾರಾದರೂ ಬಂದೇ ಬರುತ್ತಾರೆ.

ಬೇಕಾಗುವ ಸಾಮಗ್ರಿ

ಒಂದು ಕಂಪ್ಯೂಟರ್, ಲೈಟ್‌ರೂಮ್ ಅಥವಾ ಫೋಟೋಶಾಪ್, ಒಬ್ಬ ವಧು, ಅವಳ ಪರವಾಗಿ ಮಾತಾಡಲು ಕನಿಷ್ಠ ನಾಲ್ಕು ಜನ ಸಂಬಂಧಿಕರು. ವಧು ಅಂಗಡಿಗೆ ಬರುವ ಅಗತ್ಯವಿಲ್ಲ, ಸಾಮಾನ್ಯವಾಗಿ ಬರುವುದೂ ಇಲ್ಲ. ವರನನ್ನು ಬೆಳ್ಳಗೆ ಮಾಡಿ ಎಂಬ ಬೇಡಿಕೆ ಅಪರೂಪ. ವರನ ಅಜ್ಜನ ವಿಷಯದಲ್ಲಂತೂ ಅಂಥ ಬೇಡಿಕೆ ಬರುವುದೇ ಇಲ್ಲ: ಬದುಕೆಲ್ಲ ಬಿಸಿಲಲ್ಲಿ ನಿಂತು ಶಹಾಬಾದ್ ಕಲ್ಲು ಎಬ್ಬಿಸಿದ ಮುದುಕ ಕಪ್ಪಗಿದ್ದರೆ ಅದು ಫೋಟೋದ ದೋಷ ಎಂದು ಯಾರಿಗೂ ಅನಿಸುವುದಿಲ್ಲ. ಹಾಗಾಗಿ ಈ ಕೈಪಿಡಿಯನ್ನು ಹುಡುಗಿಯರಿಗೆ ಮಾತ್ರ ಬಳಸತಕ್ಕದ್ದು.

ಹಂತ 1: ಬೆಳ್ಳಗೆ ಮಾಡುವುದು

ಫೋಟೋ ತೆರೆಯಿರಿ. ಬಣ್ಣಗಳ ಪಟ್ಟಿಯಲ್ಲಿ Orange ಹುಡುಕಿ, ಅದರ Luminance ಅನ್ನು 40ರವರೆಗೆ ತಳ್ಳಿ. ಎಷ್ಟೇ ಕಪ್ಪಿರಲಿ, ಎಷ್ಟೇ ಬಿಳಿಯಿರಲಿ, ಮನುಷ್ಯರ ಚರ್ಮ ಕಂಪ್ಯೂಟರಿಗೆ ಕಿತ್ತಳೆ ಬಣ್ಣವಾಗಿಯೇ ಕಾಣುತ್ತದೆ. ಹೆಚ್ಚಾಗಿ ಬೇರೆಯಾಗುವುದು ಅದರ ಹೊಳಪು. ಆದ್ದರಿಂದ ಮುಖ ಒಂದೇ ಏಟಿಗೆ ಮೇಲೆದ್ದು ಬರುತ್ತದೆ. ಅಭಿನಂದನೆಗಳು, ಕೆಲಸ ಮುಗಿಯಿತು.

ಹಂತ 2: ಏನೇನು ಹಾಳಾಯಿತು ಎಂದು ನೋಡುವುದು

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನೀವು ಫೋಟೋವನ್ನು ದೊಡ್ಡದು ಮಾಡಿ ವಧುವಿನ ಕೈ ನೋಡಿ. ಮೆಹಂದಿಯೂ ಕಿತ್ತಳೆ ಬಣ್ಣದ್ದೇ. ಅಂಗೈಯೂ ಮೆಹಂದಿಯೂ ಒಟ್ಟಿಗೆ ತಿಳಿಯಾಗಿ, ಹಿಂದಿನ ದಿನ ಮೂರು ತಾಸು ಕೈ ಚಾಚಿ ಕೂತು ಹಾಕಿಸಿಕೊಂಡ ಬಳ್ಳಿ ಮಾಸಿಹೋಗಿದೆ. ಬೋರಮಾಳ ಸರ ತೆಳು ಹಿತ್ತಾಳೆಯಾಗಿದೆ. ಗಲ್ಲಕ್ಕೆ ಹಚ್ಚಿದ ಅರಿಶಿಣ ಇಲ್ಲವೇ ಇಲ್ಲ. ಪಕ್ಕದಲ್ಲಿ ನಿಂತ ತಂಗಿಯೂ ಬೆಳ್ಳಗಾಗಿದ್ದಾಳೆ, ಅವಳನ್ನು ಯಾರೂ ಕೇಳಿರಲಿಲ್ಲ. ಇದನ್ನೆಲ್ಲ ತಪ್ಪಿಸಲು ಮುಖಕ್ಕಷ್ಟೇ ಮಾಸ್ಕ್ ಹಾಕಿದಿರೋ, ಮುಖ ಒಬ್ಬಳದು, ಕುತ್ತಿಗೆ ಇನ್ನೊಬ್ಬಳದು ಆಗುತ್ತದೆ. ಆಲ್ಬಂ ತೆರೆದ ಅತ್ತೆ ಮೊದಲು ನೋಡುವುದು ಆ ಗೆರೆಯನ್ನೇ.

ತಯಾರಿಕೆಯ ಹಿನ್ನೆಲೆ

ಈ ಕೆಲಸ ಕಂಪ್ಯೂಟರಿನಿಂದ ಶುರುವಾದದ್ದಲ್ಲ. ಕಪ್ಪು-ಬಿಳುಪು ಕಾಲದಲ್ಲಿ ನೆಗೆಟಿವ್ ಮೇಲೆ ಸೀಸದ ಪೆನ್ಸಿಲ್ ಆಡಿಸಿ ರಿಟಚ್ ಮಾಡುತ್ತಿದ್ದರು. ನೆಗೆಟಿವ್‌ನಲ್ಲಿ ಗಟ್ಟಿಯಾದ ಜಾಗ ಪ್ರಿಂಟ್‌ನಲ್ಲಿ ಬೆಳ್ಳಗೆ ಬರುತ್ತದೆ. ಕಲರ್ ಬಂದ ಮೇಲೆ ಲ್ಯಾಬುಗಳಿಗೆ ಕೊಡಾಕ್ ಕಂಪನಿ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಬಿಳಿ ಹೆಂಗಸೊಬ್ಬಳ ಆ ಚಿತ್ರಕ್ಕೆ 'ಶರ್ಲಿ ಕಾರ್ಡ್' ಎಂದು ಹೆಸರು. ಅವಳ ಚರ್ಮ ಸರಿ ಬಂದರೆ ಮಷಿನ್ ಸರಿ ಇದೆ ಎಂದರ್ಥ, ಉಳಿದವರ ಚರ್ಮ ಹೇಗೆ ಬಂದರೂ ನಡೆಯುತ್ತಿತ್ತು. ಇತ್ತ 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದ ಮೇಲೆ ಸಂಬಂಧಗಳನ್ನು ಸೋಸುವ ಸೌಲಭ್ಯವನ್ನು ತೆಗೆದುಹಾಕಿತು. ಅವರು ತೆಗೆದದ್ದು ಎಲ್ಲೂ ಹೋಗಿಲ್ಲ, ನಮ್ಮ ಅಂಗಡಿಯ ಸ್ಲೈಡರ್‌ನಲ್ಲಿ ಕೂತಿದೆ.

ಯಂತ್ರ ಕೆಲಸ ಮಾಡುವ ಬಗೆ

ಬೆಳ್ಳಗೆ ಮಾಡಿದ ಒಂದು ಆಲ್ಬಂ ಒಂದು ಮನೆಗೆ ಹೋದರೆ ಅಲ್ಲಿಗೇ ಮುಗಿಯಿತು ಎಂದು ತಿಳಿಯಬೇಡಿ. ಚೆನ್ನಾಗಿ ಬಂದದ್ದರ ಒಂದು ಪ್ರತಿ ಕೌಂಟರ್ ಮೇಲೆ ಸ್ಯಾಂಪಲ್ ಆಗಿ ಉಳಿಯುತ್ತದೆ. ಮುಂದಿನ ಮದುವೆಯವರು ಬಂದು ಅದನ್ನು ಮಗುಚುತ್ತಾರೆ. ಅದರಲ್ಲಿರುವ ಹುಡುಗಿಯರೆಲ್ಲ ತಿಳಿ ಬಣ್ಣದವರು. ಅವರೂ ಚಿಂಚೋಳಿಯ ತಾಂಡಾದವರು, ಚಿತ್ತಾಪುರದ ತೊಗರಿ ಹೊಲದವರು, ವಾಡಿಯ ಸಿಮೆಂಟ್ ಫ್ಯಾಕ್ಟರಿ ಕ್ವಾರ್ಟರ್ಸಿನವರೇ ಎಂದು ಪುಟದಲ್ಲಿ ಬರೆದಿರುವುದಿಲ್ಲ. ಆಮೇಲೆ ತಮ್ಮ ಮಗಳ ಇದ್ದಹಾಗಿನ ಫೋಟೋ ಕೈಗೆ ಬಂದರೆ ಅದು ಕೆಟ್ಟಿದೆ ಎಂದೇ ಅವರಿಗೆ ತೋರುತ್ತದೆ. ಬೆಳ್ಳಗೆ ಮಾಡಿ ಎನ್ನುತ್ತಾರೆ, ನಾವು ಮಾಡುತ್ತೇವೆ, ಅದೂ ಸ್ಯಾಂಪಲ್ ಆಗುತ್ತದೆ. ಗ್ರಾಹಕರು ಕೇಳಿದ್ದಕ್ಕೆ ಮಾಡುತ್ತೇವೆ ಎಂಬ ನಮ್ಮ ಸಮಜಾಯಿಷಿಯಲ್ಲಿ ಇಷ್ಟು ಭಾಗ ಸುಳ್ಳು: ಏನು ಕೇಳಬೇಕು ಎಂದು ಅವರಿಗೆ ಕಲಿಸಿದ್ದು ನಮ್ಮ ಕೌಂಟರೇ. ಇನ್ನು ವಧು, ಮೊಡವೆಯ ಜೊತೆಗೆ ತನ್ನ ಬಣ್ಣವನ್ನೂ ಒರೆಸಿ ಹಾಕಿದ್ದನ್ನು ಎಲ್ಲರ ಮುಂದೆ ಕೂತು ನೋಡಬೇಕು.

ದೋಷ ಪತ್ತೆ: ಕಪ್ಪಗಿರುವುದು ಫೋಟೋವೋ, ಹುಡುಗಿಯೋ?

ಇಡೀ ಕೈಪಿಡಿಯಲ್ಲಿ ಕೆಲಸಕ್ಕೆ ಬರುವ ಭಾಗ ಇದು. "ಮಗಳು ಕಪ್ಪ ಬಂದಾಳ್ರಿ" ಎಂದು ತಾಯಿ ಹೇಳಿದಾಗ ಎಷ್ಟೋ ಸಲ ಅವರ ಮಾತು ನಿಜವೇ ಆಗಿರುತ್ತದೆ. ಸೇಡಂನ ಒಂದು ಫಂಕ್ಷನ್ ಹಾಲ್ ಎಂದುಕೊಳ್ಳಿ. ವೇದಿಕೆಯ ಹಿಂದೆ ಉರಿಯುವ ಎಲ್‌ಇಡಿ ಗೋಡೆ, ಪಕ್ಕದಲ್ಲಿ ವರನ ಬಿಳಿ ಅಂಗಿ. ಅಷ್ಟು ಬೆಳಕು ನೋಡಿ ಕ್ಯಾಮೆರಾ ತಾನೇ ಎಕ್ಸ್‌ಪೋಷರ್ ಇಳಿಸಿಕೊಳ್ಳುತ್ತದೆ. ಬಾಸಿಂಗದ ನೆರಳು ಬೇರೆ ಹಣೆಯ ಮೇಲೆ. ಹುಡುಗಿ ತಾನಿರುವುದಕ್ಕಿಂತ ಕಪ್ಪಾಗಿ ಬಂದಿರುತ್ತಾಳೆ.

ಇದನ್ನು ಪತ್ತೆ ಮಾಡಲು ಮುಖ ನೋಡಬೇಡಿ, ಮುಡಿದ ಮಲ್ಲಿಗೆ ನೋಡಿ. ಫೋಟೋಶಾಪಿನ Info ಕಿಟಕಿ ತೆರೆದು, ಬೆಳಕು ಬಿದ್ದ ಎಸಳಿನ ಮೇಲೆ ಕರ್ಸರ್ ಇಡಿ. ಸರಿಯಾದ ಫೋಟೋದಲ್ಲಿ ಬಿಳಿ ಹೂವು 255ಕ್ಕೆ ಸುಮಾರು 240 ತೋರಿಸಬೇಕು. ಇಲ್ಲಿ 175 ಇದೆ, ಅಂದರೆ ಫೋಟೋಕ್ಕೆ ಒಂದು ಸ್ಟಾಪ್ ಬೆಳಕು ಕಡಿಮೆ ಬಿದ್ದಿದೆ. Exposure ಅನ್ನು +1.00 ಮಾಡಿ. ಹೂವು 240ಕ್ಕೆ ಬರುತ್ತದೆ. ಅದರ ಜೊತೆಗೇ ವಧುವಿನ ಗಲ್ಲದ ಕೆಂಪು ಅಂಕಿ 110 ಇದ್ದದ್ದು 150ರ ಹತ್ತಿರ ಬರುತ್ತದೆ. ಮೆಹಂದಿ, ಚಿನ್ನ, ಇಳಕಲ್ ಸೀರೆಯ ಸೆರಗು ಎಲ್ಲವೂ ಒಂದೇ ಲೆಕ್ಕದಲ್ಲಿ ಮೇಲೆ ಬಂದಿರುತ್ತವೆ, ಯಾವುದೂ ಮಾಸುವುದಿಲ್ಲ. ಎಲ್‌ಇಡಿ ಗೋಡೆ ಪೂರ್ತಿ ಬಿಳಿಯಾಗಿ ಹೋಗುತ್ತದೆ, ಹೋಗಲಿ, ಅದಕ್ಕೇನು ಮದುವೆ ಇಲ್ಲ.

ಹೂವು ಆಗಲೇ 240 ಇದ್ದು, ಮುಖ ಮಾತ್ರ ಕಪ್ಪಗೆ ಕಾಣುತ್ತಿದ್ದರೆ ಫೋಟೋದಲ್ಲಿ ತಪ್ಪಿಲ್ಲ. ಅದು ಅವಳ ಬಣ್ಣ. ಮೌಸ್ ಬಿಡಿ.

ನಡುವೆ ಇನ್ನೊಂದು ಸ್ಥಿತಿಯಿದೆ. ಹಸಿರು ಶಾಮಿಯಾನದ ಕೆಳಗೆ ತೆಗೆದ ಫೋಟೋದಲ್ಲಿ ಕಪ್ಪು ಚರ್ಮ ಬೂದಿ ಬಡಿದಂತೆ ಕಾಣುತ್ತದೆ, ಜನ ಅದನ್ನೂ ಕಪ್ಪು ಅಂತಲೇ ಕರೆಯುತ್ತಾರೆ. ಅದಕ್ಕೆ ಬೆಳಕು ಏರಿಸಿದರೆ ಬೂದಿಯೇ ಹೆಚ್ಚಾಗುತ್ತದೆ. ವರನ ಬಿಳಿ ಅಂಗಿಯ ಮೇಲೆ ವೈಟ್ ಬ್ಯಾಲೆನ್ಸ್ ಕ್ಲಿಕ್ ಮಾಡಿ, ಚರ್ಮದ ಕೆಂಪು ವಾಪಸ್ ಬರುತ್ತದೆ.

ಗ್ರಾಹಕರೊಡನೆ ಮಾತು

ಉಪದೇಶ ಬೇಡ. ಬಿಸಿಲಲ್ಲಿ ಬಸ್ ಹಿಡಿದು ಬಂದ ತಾಯಿಗೆ ವರ್ಣಭೇದದ ಭಾಷಣ ಕೊಟ್ಟರೆ ಅವರು ಎದುರಿನ ಅಂಗಡಿಗೆ ಹೋಗುತ್ತಾರೆ, ಅಲ್ಲಿ Orange ಸಿದ್ಧವಾಗಿರುತ್ತದೆ. ಮೂಲ ಫೋಟೋ ಮತ್ತು ಬೆಳಕು ಸರಿಮಾಡಿದ ಫೋಟೋ ಎರಡನ್ನೂ 4x6 ಪ್ರಿಂಟ್ ತೆಗೆದು ಕೈಗೆ ಕೊಡಿ. ಮೊಬೈಲ್ ಪರದೆಯ ಹೊಳಪನ್ನು ನಂಬಲಾಗದು. ಬೆಳ್ಳಗೆ ಮಾಡಿದ ಮೂರನೆಯದನ್ನು ಪಕ್ಕದಲ್ಲಿ ಇಡಲೇಬೇಡಿ. ಕಣ್ಣು ಹೆಚ್ಚು ಬೆಳಕಿದ್ದದ್ದಕ್ಕೇ ಹೊಂದಿಕೊಳ್ಳುತ್ತದೆ, ಸರಿಯಾದದ್ದು ಮಂಕಾಗಿ ಕಾಣುತ್ತದೆ. ಮಾತು ಸುಮಾರು ಹೀಗೆ ಸಾಗುತ್ತದೆ:

"ಅಕ್ಕಾರ, ಹೂವ ನೋಡ್ರಿ. ಮೊದಲಿನ ಫೋಟೋದಾಗ ಮಲ್ಲಿಗಿ ಸುದ್ದ ಮಾಸಿದಂಗ ಅದ. ಫೋಟೋನೇ ಕತ್ತಲಿತ್ತು. ಈಗ ನೋಡ್ರಿ, ಮಾರಿ ಹೆಂಗ ಕಳಾ ಬಂದದ."

"ಹೌದ್ ಬಿಡ್ರಿ. ಆದ್ರೂ ಇನ್ನಾ ಒಂದೀಟು..."

"ಇನ್ನಾ ಮಾಡಿದ್ರ ಮೆಹಂದಿ ಹೋಗ್ತದ್ರಿ. ಎಷ್ಟು ರೊಕ್ಕ ಕೊಟ್ಟು ಹಾಕಿಸೀರಿ?"

ಇಲ್ಲಿ ಅರ್ಧ ಜನ ನಿಲ್ಲುತ್ತಾರೆ. ಉಳಿದವರಿಗೆ, "ಮಗಳಿಗೆ ತನ್ನದು ಯಾವ ಫೋಟೋ ಸೇರತದ? ಮೊಬೈಲ್‌ನಾಗ ಇದ್ರ ಕಳಸ್ಲಿಕ್ಕ ಹೇಳ್ರಿ, ಅದರಂಗ ಮಾಡೋಣು" ಎನ್ನಿ. ಈ ಒಂದು ಮಾತಿಗೆ ವಧು ಮೊದಲ ಸಲ ಲೆಕ್ಕಕ್ಕೆ ಬರುತ್ತಾಳೆ. ಮೊಡವೆ, ಬೆವರಿನ ಜಿಡ್ಡು, ಕಣ್ಣಿನ ಕೆಳಗಿನ ನಿದ್ದೆಗೆಟ್ಟ ಗೆರೆ ತೆಗೆದುಕೊಡಿ. ಅವು ವಾರದಲ್ಲಿ ಹೋಗುವಂಥವು. ಮಚ್ಚೆಯನ್ನು ಕೇಳದೆ ಮುಟ್ಟಬೇಡಿ.

ಕಷ್ಟದ ಪ್ರಕರಣ: ಬಯೋಡಾಟಾ ಫೋಟೋ

ಆಲ್ಬಂ ಮದುವೆ ಮುಗಿದ ಮೇಲಿನದು. ಸಂಬಂಧ ನೋಡುವವರಿಗೆ ಕೊಡುವ ಫೋಟೋದ ಹಿಂದೆ ದುಡ್ಡಿನ ಮಾತಿದೆ. "ಕಪ್ಪ ಅಂದ್ರ ಜಾಸ್ತಿ ಕೇಳ್ತಾರ್ರಿ" ಎಂದು ತಾಯಿ ಹೇಳುವುದು ಶೋಕಿಗಲ್ಲ. ವರದಕ್ಷಿಣೆ ಕೇಳುವುದನ್ನು ಅಪರಾಧ ಮಾಡಿದ ಕಾನೂನು 1961ರದು, ಆದರೆ ಕೌಂಟರ್‌ನಲ್ಲಿ ನಿಂತು ಅದನ್ನು ಹೇಳಿದರೆ ಅವರಿಗೆ ಏನೂ ಉಪಯೋಗವಿಲ್ಲ. ಹೇಳಬಹುದಾದದ್ದು ಇಷ್ಟು: "ಅವ್ರು ನಾಳೆ ಮನಿಗಿ ಬಂದು ನೋಡ್ತಾರ. ಫೋಟೋ ಒಂದ್ ಥರ, ಹುಡುಗಿ ಒಂದ್ ಥರ ಅಂದ್ರ ಮಾತು ಬರೋದು ಮಗಳ ಮ್ಯಾಲ, ನನ್ನ ಅಂಗಡಿ ಮ್ಯಾಲ ಅಲ್ಲ."

ಆಮೇಲೆ ಅವಳನ್ನೇ ಕರೆಸಿ ಹೊಸದಾಗಿ ತೆಗೆಯಿರಿ. ಕ್ಯಾಮೆರಾ ಮೇಲಿನ ಫ್ಲಾಶ್ ನೇರ ಹೊಡೆಯಬೇಡಿ. ಚರ್ಮದ ಮೇಲ್ಮೈಯಿಂದ ಚಿಮ್ಮುವ ಮಿನುಗು ಕಪ್ಪು ಚರ್ಮಕ್ಕೂ ಬಿಳಿ ಚರ್ಮಕ್ಕೂ ಹೆಚ್ಚುಕಡಿಮೆ ಅಷ್ಟೇ, ಕಪ್ಪಿನ ಮೇಲೆ ಅದು ಎದ್ದು ಕಾಣುತ್ತದೆ. ಸಣ್ಣ ಫ್ಲಾಶ್ ಹಣೆಯ ಮೇಲೆ ಬಿಳಿ ಮಚ್ಚೆ ಹಾಕಿ ಉಳಿದದ್ದನ್ನು ಕತ್ತಲಲ್ಲಿ ಬಿಡುತ್ತದೆ. ದೊಡ್ಡ ಬೆಳಕಾದರೆ ಅದೇ ಮಿನುಗು ಗಲ್ಲದ ಮೇಲೆ ಹರಡಿ ಮುಖದ ಆಕಾರ ಬಿಡಿಸುತ್ತದೆ. ಸಂಜೆ ಅಂಗಡಿಯ ಹೊರಗೆ, ನೆರಳಲ್ಲಿ, ತೆರೆದ ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿ. ಒಂದು ಪಕ್ಕಕ್ಕೆ ಬಿಳಿ ಥರ್ಮಾಕೋಲ್ ಶೀಟ್ ಹಿಡಿಸಿ. ಹಿಂದೆ ಬಿಳಿ ಪರದೆ ಬೇಡ, ಮರೂನ್ ಅಥವಾ ಗಾಢ ಹಸಿರು ಇರಲಿ. ಈ ಫೋಟೋ ತೋರಿಸಿದಾಗ ಬೆಳ್ಳಗೆ ಮಾಡಿ ಎನ್ನುವವರು ಕಡಿಮೆ. ಇಲ್ಲವೇ ಇಲ್ಲ ಎನ್ನಲಾರೆ.

ಪಾಸ್‌ಪೋರ್ಟ್ ಫೋಟೋಕ್ಕೆ ಈ ಯಾವ ಮಾತುಕತೆಯೂ ಬೇಕಿಲ್ಲ. ಚರ್ಮದ ಬಣ್ಣ ಸಹಜವಾಗಿರಬೇಕು ಎಂದು ನಿಯಮವೇ ಇದೆ.

ಒಪ್ಪದಿದ್ದರೆ

ಎಡಿಟರ್ ಬಹಳ ಸಲ ಗ್ರಾಹಕರ ಮುಖ ನೋಡಿರುವುದಿಲ್ಲ. ಶೀಟಿಗಿಷ್ಟು ಎಂದು ಕೆಲಸ, ವಾಟ್ಸಾಪ್‌ನಲ್ಲಿ "ಹುಡುಗಿ ಬೆಳ್ಳಗೆ" ಎಂದು ಎರಡು ಪದ. ಆಗ ಮಾತಾಡಬೇಕಾದದ್ದು ಸ್ಟುಡಿಯೋ ಮಾಲೀಕರ ಜೊತೆ, ಅದೂ ಅವರ ಲೆಕ್ಕದಲ್ಲಿ: ಕುತ್ತಿಗೆಯ ಗೆರೆ ಕಂಡು ಶೀಟ್ ವಾಪಸ್ ಬಂದರೆ ರೀಪ್ರಿಂಟ್ ಖರ್ಚು ಯಾರದು? ಆರ್ಡರ್ ಫಾರಂನಲ್ಲಿ ಒಂದು ಸಾಲು ಹಾಕಿಸಿ: "ಬೆಳಕು ಸರಿಪಡಿಸಲಾಗುತ್ತದೆ, ಮೈಬಣ್ಣ ಬದಲಿಸುವುದಿಲ್ಲ." ಮುಂಗಡ ಕೊಡುವಾಗಲೇ ಓದಿದ್ದರೆ ಕೊನೆಗೆ ಜಗಳ ಕಡಿಮೆ.

ಇಷ್ಟಾಗಿಯೂ ಬೆಳ್ಳಗೇ ಬೇಕು ಎಂದು ಹಟ ಹಿಡಿದು, ನಿಮಗೂ ಆ ಆರ್ಡರ್ ಬಿಡುವ ಶಕ್ತಿ ಇಲ್ಲದಿದ್ದರೆ ಮಾಡಿಕೊಡಿ, ಆದರೆ ಅದನ್ನು ಸ್ಯಾಂಪಲ್ ಆಗಿ ಕೌಂಟರ್ ಮೇಲೆ ಇಡಬೇಡಿ. ಅಲ್ಲಿ ಮಲ್ಲಿಗೆ ಬೆಳ್ಳಗೂ ಹುಡುಗಿ ತನ್ನ ಬಣ್ಣದಲ್ಲೂ ಇರುವ ಆಲ್ಬಂ ಮಾತ್ರ ಇರಲಿ, ವಧುವಿನ ಒಪ್ಪಿಗೆ ಪಡೆದು. ಒಪ್ಪಿಗೆಗೆ ಅವಳಿಗೇ ಫೋನ್ ಮಾಡಿ. ಫಾರಂನಲ್ಲಿ ಇರುವುದು ಸೋದರಮಾವನ ನಂಬರ್ ಆಗಿರುತ್ತದೆ. ಅದನ್ನು ದಾಟಿ ಅವಳವರೆಗೆ ತಲುಪುವುದಕ್ಕೆ ಬೇರೆಯೇ ಕೈಪಿಡಿ ಬೇಕು.