ತುದಿಗೆ ನಿಂತವರ ಅಗಲ ಮುಖ

ಹಂಸಭಾವಿಯ ಲಗ್ನದ ಗ್ರೂಪ್ ಫೋಟೋ ನಿಮಗೆ ಗೊತ್ತೇ ಇದೆ. ಅಂಗಳ ಸಣ್ಣದು, ಬೀಗರು ಬಹಳ. ಫೋಟೋದವನಿಗೆ ಹಿಂದೆ ಸರಿಯಲು ಗೋಡೆ ಬಿಡೋದಿಲ್ಲ. ವೈಡ್ ಲೆನ್ಸ್ ಹಾಕುತ್ತಾನೆ. ಆಲ್ಬಂ ಬಂದಾಗ ತುದಿಗೆ ನಿಂತ ಅತ್ತಿಯವರು, "ನಾ ಇಷ್ಟು ದಪ್ಪ ಅದೀನೇನ್ರೀ?" ಅಂತಾರೆ. ಲೆನ್ಸ್ ಕೆಟ್ಟದ ಅಂತ ಓಣಿ ತೀರ್ಪು ಕೊಡುತ್ತದೆ.

ಕೆಟ್ಟಿಲ್ರೀ. ಸೌತಿಕಾಯಿಯನ್ನು ನೆಟ್ಟಗೆ ಹೆಚ್ಚಿದರೆ ಬಿಲ್ಲೆ ದುಂಡಗೆ, ಓರೆ ಹೆಚ್ಚಿದರೆ ಉದ್ದ, ಹೌದಲ್ರೀ? ತುದಿಯ ತಲೆಯಿಂದ ಬರುವ ಬೆಳಕು ಸೆನ್ಸರಿನ ಮೇಲೆ ಓರೆಯಾಗಿ ಬೀಳುತ್ತದೆ, ತಲೆ ಅಡ್ಡಕ್ಕೆ ಹಿಗ್ಗುತ್ತದೆ. ಮಜಾ ಏನಂದ್ರೆ, ಹಿಂದೆ ಕಟ್ಟಿದ ಬ್ಯಾನರಿನ ಅಕ್ಷರಗಳು ಮಾತ್ರ ತುದಿಯಲ್ಲೂ ಸರಿಯಾಗೇ ಇರುತ್ತವೆ! ಅದು ಚಪ್ಪಟೆ, ಸೆನ್ಸರಿಗೆ ಸಮಾನಾಂತರ; ನಮ್ಮ ತಲೆ ದುಂಡಗೆ.

ಶಾಲೆಯ ಬೀಳ್ಕೊಡುಗೆ ಫೋಟೋ ನೆನಪಾಯಿತು. ಕರಿ ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದ ಆ ಫೋಟೋದವರು ಮೈದಾನದ ಆ ತುದಿಗೆ ಹೋಗಿ ನಿಲ್ಲುತ್ತಿದ್ದರು. ದೂರ ಹೋದರೆ ಓರೆ ಕಮ್ಮಿ. ಬೆಂಚುಗಳನ್ನು ಕಮಾನಿನಂತೆ ಇಡಿಸುತ್ತಿದ್ದರು, ಎಲ್ಲರೂ ಫೋಕಸ್‌ನಲ್ಲಿ ಇರಲಿ ಅಂತ. ಅದನ್ನೇ ಇವತ್ತು ವೈಡ್ ಲೆನ್ಸಿಗೆ ಮಾಡಿದರೆ ತುದಿಯವರು ಅಗಲದ ಜೊತೆ ಎತ್ತರಕ್ಕೂ ಬೆಳೆಯುತ್ತಾರೆ!

ಇರಲಿ, ನಮ್ಮ ಓಣಿಯ ಒಬ್ಬ ಹುಡುಗನ ಕತಿ ಹೇಳ್ತೀನಿ. ಲಗ್ನದ ಮೊದಲ ಗ್ರೂಪ್ ಫೋಟೋ ಅವನೇ ತೆಗೆದ, ಹಾಗಾಗಿ ಅದರಲ್ಲಿ ಅವನಿಲ್ಲ. ಎರಡನೆಯದರಲ್ಲಿ ತುದಿಗೆ ನಿಂತ. ಈಗ ಅಲ್ಲಿಂದ ಅವನನ್ನು ಕತ್ತರಿಸಿ ಮೊದಲ ಫೋಟೋದಲ್ಲಿ ಮದುಮಗನ ಪಕ್ಕ ಕೂಡಿಸಬೇಕು. ಹಾಗೇ ಅಂಟಿಸಿದರೆ ನಡುವೆ ಒಂದೇ ಅಗಲ ಮುಖ, ಯಾರೂ ನಂಬೋದಿಲ್ಲ. ಲೆನ್ಸ್ ಪ್ರೊಫೈಲ್ ಒತ್ತಿದರೆ ಸರಿಹೋಗುತ್ತೆ ಅಂತಾರಲ್ಲ, ಅದು ಪಡಸಾಲೆಯ ಬಾಗಿದ ಕಂಬ ನೆಟ್ಟಗೆ ಮಾಡೀತು, ಮುಖವನ್ನು ಇನ್ನಷ್ಟು ಹಿಗ್ಗಿಸೀತು.

ಪೂರ್ತಿ ಫ್ರೇಮಿನ ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸಿಗೆ ಪಕ್ಕದ ಅಂಚು ನಡುವಿನಿಂದ ಸುಮಾರು 37 ಡಿಗ್ರಿ. ಸಾಲು ನೆಟ್ಟಗಿದ್ದರೆ ಅಲ್ಲಿ ಮುಖದ ಎತ್ತರ ಹಾಗೇ ಉಳಿದು ಅಗಲವಷ್ಟೇ ಕಾಲು ಪಾಲು ಹೆಚ್ಚುತ್ತದೆ. ಅಂದಮೇಲೆ ಕತ್ತರಿಸಿದ ಹುಡುಗನ ಎತ್ತರ ಮುಟ್ಟದೆ ಅಗಲವನ್ನು ನೂರಕ್ಕೆ 80 ಮಾಡಬೇಕು, ತಲೆಯಿಂದ ಕಾಲಿನವರೆಗೂ. ಬರೀ ತಲೆ ಕುಗ್ಗಿಸಿದರೆ ಭುಜ ಚಾಡಿ ಹೇಳುತ್ತದೆ. ಅಂಚಿನಿಂದ ನಡುವಿಗೆ ಅರ್ಧ ದಾರಿಯಲ್ಲಿ ನಿಂತಿದ್ದರೆ 94 ಸಾಕು. ಫ್ರೇಮಿನ ಮೂಲೆಯಲ್ಲಿದ್ದರೆ ಹಿಗ್ಗುವುದು ಮೂಲೆಗುಂಟ; ಆಗ ಚಿತ್ರ ತಿರುಗಿಸಿಕೊಂಡು ಕುಗ್ಗಿಸಬೇಕು.

ಇದೆಲ್ಲ ಅಂಟಿಸುವ ಮೊದಲೇ ಆಗಬೇಕು, ಅದೂ ಕ್ರಾಪ್ ಮಾಡದ ಮೂಲ ಫೋಟೋದಲ್ಲಿ. ಅಂಟಿಸಿದ ಮೇಲೆ ಅವನು ಎಷ್ಟು ಓರೆಯಲ್ಲಿದ್ದ ಅನ್ನೋದು ಯಾರಿಗೆ ನೆನಪಿರುತ್ತೆ, ಅಲ್ವಾ?

ಅಷ್ಟೆಲ್ಲ ತಾಪತ್ರಯ ಯಾಕ್ರೀ? ಮುಂದಿನ ಲಗ್ನದಾಗ ಎರಡನೇ ಫೋಟೋಕ್ಕೆ ಆ ಹುಡುಗನನ್ನು ನಡುವೆಯೇ ನಿಲ್ಲಿಸಿಬಿಡ್ರಿ.